ಸ್ಕ್ಯಾನರ್ರು, ಲೈಟು, ಹೆಡ್‌ಸೆಟ್ಟು: ಗೋಡೌನಿಂದ ತಪ್ಪು ಮಾಲು ಹೋಗೋದನ್ನ ಯಾವ್ದು ತಡೆಯತ್ತೆ?

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ನಮ್ಮದೊಂದು ಗೋಡೌನ್ ಇದೆ. ಪಂಪ್‌ಸೆಟ್, ಸ್ಪ್ರೇಯರ್, ಬ್ರಷ್ ಕಟರ್, ಅಡಿಕೆ ಸುಲಿಯೋ ಮಷೀನು ಇವುಗಳ ಸ್ಪೇರ್ ಪಾರ್ಟ್ಸು, ಬೇರಿಂಗು, ಬೆಲ್ಟು, ಪೈಪ್ ಫಿಟ್ಟಿಂಗ್ಸು ಎಲ್ಲ ಸೇರಿ 4000 ಐಟಂ. ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ ಕಡೆ ಅಂಗಡಿಗಳಿಗೆ ಸಪ್ಲೈ. 8 ಹುಡುಗ್ರು, ದಿನಕ್ಕೆ 80 ಬಿಲ್ಲು, ಬಿಲ್ಲಲ್ಲಿ ಐಟಮ್ಮಿಗೊಂದು ಲೈನ್ ಅಂತ ಎಲ್ಲ ಸೇರಿ ಸುಮಾರು 1200 ಲೈನು. ತಪ್ಪು ಮಾಲು ಬಂದಿದೆ ಅಂತ ತಿಂಗಳಿಗೆ 90 ಕಂಪ್ಲೇಂಟ್ ಬರ್ತಿದೆ. ಒಬ್ರು ಪಿಕ್-ಟು-ಲೈಟ್ ಹಾಕ್ಸಿ ಅಂತಾರೆ, ಇನ್ನೊಬ್ರು ವಾಯ್ಸ್ ಪಿಕ್ಕಿಂಗ್ ಅಂತಾರೆ, ನಮ್ಮ ಅಕೌಂಟೆಂಟ್ ಬಾರ್‌ಕೋಡ್ ಸಾಕು ಅಂತಾರೆ. ಯಾವ್ದು ಹಾಕ್ಲಿ?

ಉತ್ತರ: ನಿಮ್ಮ ಅಕೌಂಟೆಂಟ್ ಹೇಳಿದ್ದು ಮುಕ್ಕಾಲು ಸರಿ. ಬಾರ್‌ಕೋಡಿಂದ ಶುರು ಮಾಡಿ. ಆಮೇಲೆ ಲೈಟು ಹಾಕೋದಾದ್ರೆ ರ‍್ಯಾಕಿಗೆ ಬೇಡ, ಪ್ಯಾಕಿಂಗ್ ಟೇಬಲ್ ಪಕ್ಕದಲ್ಲಿ ಅಂಗಡಿ ಅಂಗಡಿಗೆ ಇಡೋ ಕ್ರೇಟುಗಳಿಗೆ ಹಾಕಿ. ವಾಯ್ಸು ಏನಿದ್ರೂ ಪೈಪು, ಮೋಟ್ರು ಇಡೋ ಕಡೆ ಮಾತ್ರ ಯೋಚನೆ ಮಾಡೋ ವಿಷಯ, ಅದೂ ಕೊನೇಲಿ. ಈಗ ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಓದಿ.

ಮಾರೋಕೆ ಬರೋರು ಮೂರನ್ನೂ ಒಂದೇ ತಕ್ಕಡೀಲಿ ಇಟ್ಟು ಮಾತಾಡ್ತಾರೆ, "ಅಕ್ಯುರಸಿ 99.9 ಬರತ್ತೆ ಸರ್" ಅಂತ. ಆದ್ರೆ ಈ ಮೂರೂ ಹುಡುಗನ ಹತ್ರ ಬೇರೆ ಬೇರೆ ಪ್ರಶ್ನೆ ಕೇಳ್ತವೆ. ಐಟಂ ಮೇಲಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ರೆ ಮಷೀನು ಕೇಳೋದು "ನಿನ್ನ ಕೈಲಿ ಇರೋದು ಏನು?" ಅಂತ. ವಾಯ್ಸಲ್ಲಿ ಹೆಡ್‌ಸೆಟ್ಟು ಎಲ್ಲಿಗೆ ಹೋಗ್ಬೇಕು ಅಂತ ಕಿವೀಲಿ ಹೇಳತ್ತೆ, ಹುಡುಗ ರ‍್ಯಾಕ್ ಮೇಲೆ ಅಂಟಿಸಿರೋ ಎರಡು ಮೂರು ಅಂಕಿಯ ಚೆಕ್ ನಂಬರ್ ಓದಿ ಹೇಳ್ತಾನಲ್ಲ, ಅಲ್ಲಿ ಕೇಳ್ತಿರೋದು "ನೀನು ಎಲ್ಲಿ ನಿಂತಿದೀಯ?" ಅಂತ ಅಷ್ಟೆ. ಪಿಕ್-ಟು-ಲೈಟ್ ಅಂತೂ ಏನೂ ಕೇಳೋದೇ ಇಲ್ಲ, ಮಾಲಿಡೋ ಬಿನ್ನಲ್ಲಿ ದೀಪ ಹತ್ತಿಸಿ ಹೇಳತ್ತೆ: ಇಲ್ಲಿಂದ ತಗೋ, ಇಷ್ಟು ತಗೋ. ಹುಡುಗ ಬಟನ್ ಒತ್ತೋದು ಅಂದ್ರೆ "ಹೂಂ" ಅಂದಂಗೆ. ಕೈ ಪಕ್ಕದ ಬಿನ್ನಿಗೆ ಹೋಗಿದ್ರೂ ಅದೇ ಹೂಂ, ಐದು ತಗೊಳ್ಳೋ ಕಡೆ ನಾಲ್ಕು ತಗೊಂಡಿದ್ರೂ ಅದೇ ಹೂಂ. ಹಾಗಾಗಿ ಯಾವ್ದು ಒಳ್ಳೇದು ಅಂತ ಕೇಳೋಕ್ಕಿಂತ ಮುಂಚೆ ನಿಮ್ಮ ಗೋಡೌನಲ್ಲಿ ಆಗ್ತಿರೋ ತಪ್ಪು ಯಾವ ಜಾತಿದು ಅಂತ ನೋಡ್ಬೇಕು.

ಅದಕ್ಕೂ ಮುಂಚೆ ಎಷ್ಟು ತಪ್ಪಾಗ್ತಿದೆ ಅನ್ನೋದು. ತಿಂಗಳಿಗೆ 25 ದಿನ ಕೆಲ್ಸ ಅಂದ್ರೆ 30,000 ಲೈನು, ಅದ್ರಲ್ಲಿ 90 ಕಂಪ್ಲೇಂಟು, ಅಂದ್ರೆ ನೂರಕ್ಕೆ 0.3. ಕೇಳೋಕೆ ಚೆನ್ನಾಗೇ ಇದೆ, 99.7 ಸರಿ. ಆದ್ರೆ ಅಂಗಡಿಯವ್ರು ಲೈನ್ ಲೆಕ್ಕ ಇಡಲ್ಲ, ಅವ್ರಿಗೆ ಬರೋದು ಇಡೀ ಪಾರ್ಸೆಲ್ಲು. ನಿಮ್ಮ ಒಂದು ಬಿಲ್ಲಲ್ಲಿ ಸರಾಸರಿ 15 ಲೈನ್ ಇದೆ, ಹದಿನೈದೂ ಸರಿ ಇದ್ರೆ ಮಾತ್ರ ಪಾರ್ಸೆಲ್ ಸರಿ.

```
0.997^15 = 0.956
```

ಅಂದ್ರೆ ನೂರು ಪಾರ್ಸೆಲ್ಲಲ್ಲಿ ನಾಲ್ಕಕ್ಕಿಂತ ಜಾಸ್ತಿ ಪಾರ್ಸೆಲಲ್ಲಿ ಏನೋ ಒಂದು ಎಡವಟ್ಟು, ದಿನಕ್ಕೆ ಮೂರು ನಾಲ್ಕು ಅಂಗಡಿ. ಮತ್ತೆ ಇದು ಬರೀ ಕಂಪ್ಲೇಂಟ್ ಲೆಕ್ಕ. ಕಮ್ಮಿ ಬಂದ್ರೆ ಫೋನು ತಕ್ಷಣ ಬರತ್ತೆ, ಒಂದು ಬೇರಿಂಗ್ ಜಾಸ್ತಿ ಬಂದಿದೆ ಅಂತ ಫೋನ್ ಮಾಡೋ ಪುಣ್ಯಾತ್ಮ ಯಾವ ಊರಲ್ಲಿದಾನೋ ನಂಗೆ ಗೊತ್ತಿಲ್ಲ ಮಾರಾಯ್ರೆ.

ಅದಕ್ಕೆ ಮೊದಲ ಎರಡು ವಾರ ಏನೂ ಕೊಂಡ್ಕೊಬೇಡಿ. ದಿನಾ ಪ್ಯಾಕ್ ಆಗಿರೋ ಮಾಲಲ್ಲಿ ಯಾವ್ದೋ 50 ಲೈನ್ ಆರಿಸ್ಕೊಂಡು, ಪಿಕ್ ಮಾಡಿದ ಹುಡುಗ ಅಲ್ಲದೆ ಬೇರೆಯವ್ರ ಕೈಲಿ ತೆಗೆಸಿ ಎಣಿಸಿ. ಎಣಿಸೋರ ಕೈಗೆ ಬಿಲ್ ಕೊಡ್ಬೇಡಿ, ಖಾಲಿ ಕಾಗದ ಕೊಡಿ, ಏನಿದೆ ಎಷ್ಟಿದೆ ಅವರೇ ಬರೀಲಿ, ಆಮೇಲೆ ಬಿಲ್ ಜೊತೆ ಹೋಲಿಸಿ. ಬಿಲ್ ಕೈಲಿದ್ರೆ ಕಣ್ಣು ಬಿಲ್ಲಲ್ಲಿ ಇರೋದನ್ನೇ ಡಬ್ಬಿ ಮೇಲೂ ಓದತ್ತೆ, ಇದು ನಮ್ಮೆಲ್ಲರ ಕಣ್ಣಿನ ಬುದ್ಧಿ. 12 ದಿನಕ್ಕೆ 600 ಲೈನ್ ಆಗತ್ತೆ. ಇಲ್ಲೊಂದು ಸಣ್ಣ ಲೆಕ್ಕ ನೆನಪಿರ್ಲಿ: ನೋಡಿದ ಲೈನಲ್ಲಿ ಒಂದೂ ತಪ್ಪು ಸಿಗ್ಲಿಲ್ಲ ಅಂದ್ರೂ ತಪ್ಪೇ ಇಲ್ಲ ಅಂತಲ್ಲ, 3ನ್ನ ನೋಡಿದ ಲೈನ್ ಸಂಖ್ಯೆಯಿಂದ ಭಾಗಿಸಿ, ಅಷ್ಟರವರೆಗೂ ತಪ್ಪು ಇರಬಹುದು. 600ರಲ್ಲಿ ಸೊನ್ನೆ ಸಿಕ್ರೆ ನೂರಕ್ಕೆ ಅರ್ಧದವರೆಗೂ ಇರಬಹುದು ಅಂತ. ಹಾಗಾಗಿ ಯಾರಾದ್ರೂ ಡೆಮೋ ದಿನ 100 ಲೈನ್ ಪಿಕ್ ಮಾಡಿ ತೋರ್ಸಿ "ನೋಡಿ ಸರ್ ಝೀರೋ ಎರರ್" ಅಂದ್ರೆ ನಕ್ಕು ಸುಮ್ನಾಗಿ. 99.9 ಅಂತ ತೋರ್ಸೋಕೆ ಕನಿಷ್ಠ 3000 ಲೈನ್ ತಪ್ಪಿಲ್ದೆ ಹೋಗ್ಬೇಕು.

ನಾನು ಹಿಂದೆ ಕೆಲ್ಸ ಮಾಡ್ತಿದ್ದ ಒಂದು ಪಾರ್ಟ್ಸ್ ಗೋಡೌನಲ್ಲಿ ಇದನ್ನೇ ಮಾಡಿದ್ವಿ. ಕಂಪ್ಲೇಂಟ್ ಪ್ರಕಾರ ನೂರಕ್ಕೆ 0.3 ತಪ್ಪು ಇತ್ತು, ನಾವೇ ತೆಗೆದು ನೋಡಿದಾಗ 600ರಲ್ಲಿ 7, ಅಂದ್ರೆ ನೂರಕ್ಕೆ ಒಂದಕ್ಕಿಂತ ಜಾಸ್ತಿ. ಓನರ್ ಎರಡು ದಿನ ಮಾತಾಡಿಲ್ಲ ನನ್ ಜೊತೆ. ಏಳು ತಪ್ಪಲ್ಲಿ ಜಾತಿ ವಿಂಗಡಿಸೋಕೆ ಆಗಲ್ಲ ಅಂತ ಮೂರು ತಿಂಗಳ ಕಂಪ್ಲೇಂಟನ್ನೂ ಸೇರ್ಸಿ ಕೂತ್ವಿ, ಒಟ್ಟು 112 ಆಯ್ತು. ಅದ್ರಲ್ಲಿ 51 ತಪ್ಪು ಐಟಂ, 34 ಐಟಂ ಸರಿ ಆದ್ರೆ ಎಣಿಕೆ ತಪ್ಪು, 17 ಬಿಟ್ಟೇ ಹೋಗಿದ್ದು, 10 ಪಕ್ಕದ ಅಂಗಡಿ ಕ್ರೇಟಿಗೆ ಬಿದ್ದಿದ್ದು.

ಆ 51 ನಿಜಕ್ಕೂ ನೋಡೋ ಅಂತದ್ದು. ಬೇರಿಂಗ್ ತಗೊಳ್ಳಿ. 6204 ಮತ್ತೆ 6304 ಎರಡಕ್ಕೂ ಒಳಗಿನ ತೂತು 20 ಎಂಎಂ, ಹೊರಗಿನ ಅಳತೆ ಮಾತ್ರ 47 ಮತ್ತೆ 52. ಡಬ್ಬಿ ಒಂದೇ ಬಣ್ಣ. 6204ರಲ್ಲೇ ಝಡ್‌ಝಡ್ ಅಂದ್ರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂದ್ರೆ ರಬ್ಬರ್ ಸೀಲು, ಅಳತೆ ಪೂರ್ತಿ ಒಂದೇ, ನಮ್ಮ ಕಡೆ ಮಳೇಲಿ ನೆನೆಯೋ ಮಷೀನಿಗೆ ಯಾವ್ದು ಬೇಕು ಅಂತ ಮೆಕ್ಯಾನಿಕ್ ಸುಮ್ನೆ ಬರೆದಿರಲ್ಲ. ಬೆಲ್ಟಲ್ಲಿ ಬಿ-52, ಬಿ-54, ಎರಡೇ ಇಂಚು ವ್ಯತ್ಯಾಸ, ಒಂದೇ ಮೊಳೆಗೆ ನೇತು ಹಾಕಿರ್ತಾರೆ. ಇವೆಲ್ಲ ನಂಬರ್ ಪ್ರಕಾರ ಜೋಡ್ಸಿರೋದ್ರಿಂದ ಹೋಲೋ ಮಾಲುಗಳೇ ಅಕ್ಕಪಕ್ಕ ಕೂತಿರ್ತವೆ. ಇನ್ನೊಂದು ವಿಷ್ಯ ನಮಗೆ ಆಶ್ಚರ್ಯ ಆಗಿದ್ದು: 51ರಲ್ಲಿ 19 ಸಲ ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದಾನೆ, ಬಿನ್ನಲ್ಲೇ ಬೇರೆ ಮಾಲಿತ್ತು. ಮಾಲು ಇಳಿಸಿ ತುಂಬಿಸುವಾಗ ಆದ ತಪ್ಪು. ಇದನ್ನ ಲೈಟು ಹಿಡಿಯಲ್ಲ, ರ‍್ಯಾಕ್ ನಂಬರ್ ಓದಿಸೋ ವಾಯ್ಸೂ ಹಿಡಿಯಲ್ಲ. ಎರಡೂ ಆ ಹುಡುಗನ್ನ ಸರಿಯಾದ ಜಾಗಕ್ಕೆ ಕರ್ಕೊಂಡು ಹೋಗಿ ತಪ್ಪು ಮಾಲನ್ನ ಕೈಗೆ ಕೊಡ್ತವೆ. ಐಟಂ ಸ್ಕ್ಯಾನ್ ಒಂದೇ ಅಲ್ಲಿ ಕೂಗೋದು.

ಅದಕ್ಕೇ ಬಾರ್‌ಕೋಡ್ ಮೊದಲು ಅಂದಿದ್ದು. ಆದ್ರೆ ಏನನ್ನ ಸ್ಕ್ಯಾನ್ ಮಾಡ್ತೀರಿ ಅನ್ನೋದ್ರಲ್ಲೇ ಅರ್ಧ ಆಟ ಇದೆ. ಸುಮಾರು ಕಡೆ ರ‍್ಯಾಕಿನ ಲೇಬಲ್ ಸ್ಕ್ಯಾನ್ ಮಾಡ್ಸಿ ಬಾರ್‌ಕೋಡ್ ಮಾಡಿದೀವಿ ಅಂತಾರೆ, ಅದು ವಾಯ್ಸ್ ಚೆಕ್ ನಂಬರ್ ಇದ್ದಂಗೇನೆ, ಜಾಗದ ಪರೀಕ್ಷೆ. ನಿಮ್ಗೆ ಬೇಕಿರೋದು ಕ್ರೇಟಿಗೆ ಬೀಳ್ತಿರೋ ಪೀಸಿನ ಸ್ಕ್ಯಾನು. ಹುಡುಗ ರ‍್ಯಾಕಲ್ಲಿ ಮುಂದಿರೋ ಡಬ್ಬಿಗೆ ಸ್ಕ್ಯಾನರ್ ತೋರ್ಸಿ ಬೀಪ್ ಅನ್ನಿಸ್ಕೊಂಡು ಆಮೇಲೆ ಅದ್ರ ಹಿಂದೆ ಕೈ ಹಾಕಿ ಮೂರು ಡಬ್ಬಿ ಎಳ್ಕೊಂಡ್ರೆ ಆ ಬೀಪಿಗೆ ಅರ್ಥ ಇಲ್ಲ. ಮೊದ್ಲು ಕೈಗೆ ತಗೊಳ್ಳೋದು, ಆಮೇಲೆ ಸ್ಕ್ಯಾನು, ಆಮೇಲೆ ಕ್ರೇಟು, ಈ ಕ್ರಮ ಮೊದಲ ವಾರದಲ್ಲೇ ಕೈಗೆ ಕೂರ್ಬೇಕು. ಕೊನೇಲಿ ಕ್ರೇಟಿನ ಬಾರ್‌ಕೋಡೂ ಒಂದು ಸಲ ಸ್ಕ್ಯಾನ್ ಆದ್ರೆ ಆ ಪಕ್ಕದ ಅಂಗಡಿಗೆ ಬೀಳೋ ಕೇಸೂ ಕಮ್ಮಿ ಆಗತ್ತೆ. ಬಿಟ್ಟು ಹೋಗೋದು ತಾನಾಗೇ ನಿಲ್ಲತ್ತೆ, ಯಾಕಂದ್ರೆ ಎಲ್ಲ ಲೈನ್ ಸ್ಕ್ಯಾನ್ ಆಗ್ದೆ ಬಿಲ್ ಕ್ಲೋಸ್ ಆಗ್ಬಾರ್ದು ಅಂತ ಸಾಫ್ಟ್‌ವೇರಲ್ಲಿ ಇಟ್ಟಿರ್ತೀರಿ. ಮಾಲು ಇಲ್ಲ ಅಂದ್ರೆ ಇಲ್ಲ ಅಂತ ಒತ್ತಿ ಮುಂದೆ ಹೋಗ್ಬೇಕು, ಸುಮ್ನೆ ದಾಟೋ ಹಾಗಿಲ್ಲ.

ಇಲ್ಲಿ ನಿಮಗೆ ಬರೋ ದೊಡ್ಡ ತಲೆನೋವು ಸ್ಕ್ಯಾನರ್ ಅಲ್ಲ, ಲೇಬಲ್ಲು. ಕಂಪನಿ ಡಬ್ಬಿ ಮೇಲೆ 890ರಿಂದ ಶುರು ಆಗೋ 13 ಅಂಕಿಯ ಬಾರ್‌ಕೋಡ್ ಇರತ್ತೆ ನಿಜ, ಆದ್ರೆ ನಿಮ್ಮ 4000ದಲ್ಲಿ ಎಷ್ಟಕ್ಕಿದೆ ಅಂತ ಒಮ್ಮೆ ರ‍್ಯಾಕ್ ರ‍್ಯಾಕ್ ಸುತ್ತಿ ನೋಡಿ. ಎಲ್ಬೋ, ಟೀ, ವಾಷರ್, ನಾಜಲ್ ಇವೆಲ್ಲ ಲೂಸಲ್ಲಿ ಬರೋವು, ಬಾರ್‌ಕೋಡ್ ಇಲ್ಲ. ಸಣ್ಣ ತಯಾರಕರು ಕೆಲವ್ರು ಎಲ್ಲ ಸೈಜಿಗೂ ಒಂದೇ ಬಾರ್‌ಕೋಡ್ ಪ್ರಿಂಟ್ ಮಾಡ್ಸಿರ್ತಾರೆ, ಹಂಗಿದ್ರೆ ಸ್ಕ್ಯಾನರ್ ತಪ್ಪು ಮಾಲಿಗೂ ಸರಿ ಅಂತ ಬೀಪ್ ಮಾಡತ್ತೆ, ಇದು ಬಾರ್‌ಕೋಡೇ ಇಲ್ಲದ್ದಕ್ಕಿಂತ ಅಪಾಯ. ಮತ್ತೆ ನಮ್ಮಲ್ಲಿ ಇನ್ನೊಂದು ತಲೆನೋವು, ಎಂಆರ್‌ಪಿ. ಹಳೇ ರೇಟಿಂದೂ ಹೊಸ ರೇಟಿಂದೂ ಬಾರ್‌ಕೋಡ್ ಸುಮಾರು ಸಲ ಒಂದೇ ಇರತ್ತೆ, ಬಿಲ್ಲಲ್ಲಿ ಒಂದು ರೇಟು ಡಬ್ಬೀಲಿ ಇನ್ನೊಂದು, ಅಂಗಡಿಯವ್ರು ಅದನ್ನೂ ತಪ್ಪು ಮಾಲು ಅಂತಲೇ ಫೋನ್ ಮಾಡ್ತಾರೆ. ಹಳೇದು ಹೊಸದನ್ನ ಬೇರೆ ಬಿನ್ನಲ್ಲಿಟ್ಟು, ಹಳೇದಕ್ಕೆ ನಿಮ್ಮದೇ ಲೇಬಲ್ ಹಾಕೋದೊಂದೇ ದಾರಿ.

ನಿಮ್ಮ ಸ್ವಂತ ಲೇಬಲ್ಲಿಗೆ ಕೋಡ್ 128 ಸಾಕು, ಐಟಂ ಕೋಡ್ ಜೊತೆ ದೊಡ್ಡ ಅಕ್ಷರದಲ್ಲಿ ಸೈಜೂ ಇರ್ಲಿ. ಲೇಬಲ್ ಪ್ರಿಂಟರಲ್ಲಿ ಎರಡು ಜಾತಿ. ರಿಬ್ಬನ್ ಇಲ್ಲದೆ ಬಿಸಿಗೆ ಕಪ್ಪಾಗೋ ಕಾಗದ, ಅಂಗಡಿ ಬಿಲ್ ಥರ, ಅದು ಬೆಳಕಿಗೆ ಶಾಖಕ್ಕೆ ಮಾಸಿ ಹೋಗತ್ತೆ. ಕೊರಿಯರ್ ಸ್ಟಿಕ್ಕರಿಗೆ ಓಕೆ, ವರ್ಷಗಟ್ಟಲೆ ರ‍್ಯಾಕಲ್ಲಿ ಕೂರೋ ಮಾಲಿಗೆ ಬೇಡ. ರಿಬ್ಬನ್ ಇರೋ ಪ್ರಿಂಟರ್ ತಗೊಳ್ಳಿ. ಬಿನ್ ಲೇಬಲ್ಲಿಗೆ ಕಾಗದದ ಬದ್ಲು ಪ್ಲಾಸ್ಟಿಕ್ ಥರದ ಲೇಬಲ್ ಹಾಕಿ, ಜುಲೈಲಿ ನಮ್ಮ ಗೋಡೌನಿನ ಗೋಡೆಯೇ ಬೆವರ್ತಿರತ್ತೆ, ಕಾಗದದ ಲೇಬಲ್ ತುದಿ ಏಳೋಕೆ ಶುರು ಆದ್ರೆ ಹುಡುಗ್ರು ಕೂತ್ಕೊಂಡು ಪೂರ್ತಿ ಕಿತ್ತು ಬಿಡ್ತಾರೆ.

ಈಗ ನಮ್ಮಲ್ಲಿ ಏನಾಯ್ತು ಹೇಳ್ತೀನಿ. ಲೇಬಲ್ ಕೆಲ್ಸಕ್ಕೇ ಎರಡು ತಿಂಗಳು ಹಿಡೀತು. ಸ್ಕ್ಯಾನ್ ಶುರು ಆದ್ಮೇಲಿನ ಮೂರು ತಿಂಗಳು ಅದೇ ರೀತಿ ಲೆಕ್ಕ ಇಟ್ವಿ, 112 ಇದ್ದಿದ್ದು 41ಕ್ಕೆ ಬಂತು. ತಪ್ಪು ಐಟಂ 51ರಿಂದ 8ಕ್ಕೆ, ಬಿಟ್ಟು ಹೋಗಿದ್ದು 2, ಬೇರೆ ಕ್ರೇಟಿಗೆ ಬಿದ್ದಿದ್ದು 4. ಆದ್ರೆ ಎಣಿಕೆ ತಪ್ಪು 34ರಿಂದ 27, ಅಷ್ಟೆ. ಬಾರ್‌ಕೋಡಿಗೆ ಐಟಂ ಗೊತ್ತು, ಕ್ರೇಟೊಳಗೆ ಎಷ್ಟು ಬಿತ್ತು ಅಂತ ಗೊತ್ತಿಲ್ಲ.

ಆ ಉಳಿದ 8 ಯಾವ್ದು ಅಂತ ನೋಡಿದ್ವಿ. ಐದು ನಮ್ದೇ ತಪ್ಪು, ಲೇಬಲ್ ಅಂಟಿಸುವಾಗ ಬಿ-54 ಕಟ್ಟಿಗೆ ಬಿ-52 ಲೇಬಲ್ ಹೋಗಿದೆ. ಅವತ್ತಿಂದ ಒಂದು ಟೇಬಲ್ ಮೇಲೆ ಒಂದು ಸಲಕ್ಕೆ ಒಂದೇ ಐಟಂ, ಉಳಿದ ಸ್ಟಿಕ್ಕರ್ ಕಸದ ಬುಟ್ಟಿಗೆ, ಜೇಬಿಗಲ್ಲ ಅಂತ ರೂಲ್ ಮಾಡಿದ್ವಿ. ಇನ್ನು ಮೂರು ಕಳ್ಳದಾರಿ. ಜಾಸ್ತಿ ಹೋಗೋ ಐಟಂಗಳ ಲೇಬಲ್ಲನ್ನ ಒಬ್ಬ ಹುಡುಗ ಟ್ರಾಲಿ ಹ್ಯಾಂಡಲ್ಲಿಗೆ ಸಾಲಾಗಿ ಅಂಟಿಸ್ಕೊಂಡಿದ್ದ, ನಡೀತಾ ನಡೀತಾ ಅಲ್ಲೇ ಬೀಪ್ ಬೀಪ್. ಬೈದು ಪ್ರಯೋಜನ ಇಲ್ಲ, ಅವ್ನಿಗೆ ಸಂಜೆ ಬಸ್ಸಿಗೆ ಪಾರ್ಸೆಲ್ ಹಾಕೋ ಟೈಮ್ ಒತ್ತಡ ಇತ್ತು, ಆ ಐಟಂ ಲೇಬಲ್ ಡಬ್ಬಿ ತಳದಲ್ಲಿತ್ತು, ತಿರುಗಿಸ್ಬೇಕಿತ್ತು. ಲೇಬಲ್ಲನ್ನ ಮುಂದಿನ ಮುಖಕ್ಕೆ ತಂದ್ವಿ. ಇಂತದ್ದು ನಡೀತಿದೆ ಅಂತ ಪತ್ತೆ ಮಾಡೋದು ಸುಲಭ, ಸ್ಕ್ಯಾನ್ ಆದ ಟೈಮ್ ನೋಡಿ: ಗೋಡೌನಿನ ಆ ಮೂಲೆ ಐಟಮ್ಮೂ ಈ ಮೂಲೆ ಐಟಮ್ಮೂ ಮೂರು ಸೆಕೆಂಡ್ ಅಂತರದಲ್ಲಿ ಸ್ಕ್ಯಾನ್ ಆಗಿದ್ರೆ ಹುಡುಗ ಹಾರ್ಕೊಂಡು ಹೋಗಿರಲ್ಲ. ಹಾಗೇ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ ಸ್ಕ್ಯಾನ್ ಇಲ್ದೆ ದಾಟಿಸೋದು ವಾರಕ್ಕೆ ಎಷ್ಟಾಗಿದೆ, ಯಾವ ಐಟಮ್ಮಿಗೆ ಆಗಿದೆ ಅಂತ ತೆಗೀರಿ. ಅದೇ ಐಟಂ ಮತ್ತೆ ಮತ್ತೆ ಬಂದ್ರೆ ಅದ್ರ ಲೇಬಲ್ ಓದ್ತಿಲ್ಲ ಅಂತ ಅರ್ಥ.

ಎಣಿಕೆಗೆ ಬರೋಣ. ನಮ್ಮ 34ರಲ್ಲಿ 22 ಎಣಿಸೋ ತಪ್ಪೇ ಅಲ್ಲ, "ಪೀಸಾ ಬಾಕ್ಸಾ" ಅನ್ನೋ ಗೊಂದಲ. ಬಿಲ್ಲಲ್ಲಿ 10 ಅಂತಿದೆ, ಹತ್ತು ಸ್ಪಾರ್ಕ್ ಪ್ಲಗ್ಗೋ ಹತ್ತರ ಹತ್ತು ಬಾಕ್ಸೋ? ಇದಕ್ಕೆ ಯಾವ ಮಷೀನೂ ಮದ್ದಲ್ಲ, ಸಾಫ್ಟ್‌ವೇರಲ್ಲಿರೋ ಐಟಂ ಪಟ್ಟಿ, ಅಂದ್ರೆ ಐಟಂ ಮಾಸ್ಟರ್, ಸರಿ ಮಾಡ್ಬೇಕು. ಬಾಕ್ಸಿಗೆ ಬೇರೆ ಬಾರ್‌ಕೋಡು, ಒಳಗಿನ ಪೀಸಿಗೆ ಬೇರೆ, ಬಾಕ್ಸ್ ಸ್ಕ್ಯಾನ್ ಆದ್ರೆ ಸಿಸ್ಟಮ್ಮೇ 10 ಅಂತ ತಗೋಬೇಕು. ಲೂಸ್ ಮಾಲನ್ನ ಮಧ್ಯಾಹ್ನ ಕೆಲ್ಸ ಕಮ್ಮಿ ಇರೋ ಹೊತ್ತಲ್ಲಿ ಹತ್ತರ ಪ್ಯಾಕೆಟ್, ಇಪ್ಪತ್ತೈದರ ಪ್ಯಾಕೆಟ್ ಮಾಡಿಸಿ ಲೇಬಲ್ ಹಾಕಿಟ್ರೆ ಸಂಜೆ ಗಡಿಬಿಡೀಲಿ 50 ಎಲ್ಬೋ ಎಣಿಸೋದು ತಪ್ಪತ್ತೆ, ಎರಡು ಪ್ಯಾಕೆಟ್ ಎರಡು ಬೀಪು.

ತೂಕ ನೋಡಿ ಎಣಿಸ್ಬೋದಲ್ಲ ಅಂತ ಕೇಳ್ತೀರಿ, ನಾವೂ ಮಾಡಿದ್ವಿ. ಒಂದು ಎಲ್ಬೋ 40 ಗ್ರಾಂ ಇಟ್ಕೊಳ್ಳಿ, 50 ಅಂದ್ರೆ 2 ಕೆಜಿ. ಹೋದ ಸಲದ ಲಾಟಿಗೂ ಈ ಸಲದ್ದಕ್ಕೂ ಒಂದೊಂದು ಪೀಸಿನ ತೂಕದಲ್ಲಿ ನೂರಕ್ಕೆ 3 ವ್ಯತ್ಯಾಸ ಇದ್ರೆ 2 ಕೆಜಿಗೆ 60 ಗ್ರಾಂ ಆಚೀಚೆ ಆಯ್ತು, ಒಂದು ಎಲ್ಬೋಗಿಂತ ಜಾಸ್ತಿ. ತಕ್ಕಡಿ ಎಷ್ಟೇ ಚೆನ್ನಾಗಿದ್ರೂ 49ಕ್ಕೂ 50ಕ್ಕೂ ವ್ಯತ್ಯಾಸ ಹೇಳಲ್ಲ. ಹತ್ತರ ಪ್ಯಾಕೆಟಿಗೆ ಅದೇ ವ್ಯತ್ಯಾಸ 12 ಗ್ರಾಂ, ಅಲ್ಲಿ ತಕ್ಕಡಿ ಕೆಲ್ಸ ಮಾಡತ್ತೆ. ಹಾಗಾಗಿ ತಕ್ಕಡಿ ಪ್ಯಾಕೆಟ್ ಮಾಡೋ ಟೇಬಲ್ಲಿಗೆ, ಪಾರ್ಸೆಲ್ ಟೇಬಲ್ಲಿಗಲ್ಲ.

ಇನ್ನು ಲೈಟು. ಪಿಕ್-ಟು-ಲೈಟಲ್ಲಿ ಪ್ರತಿ ಬಿನ್ನಿಗೂ ಒಂದು ದೀಪ, ಒಂದು ಸಣ್ಣ ಡಿಸ್‌ಪ್ಲೇ, ಒಂದು ಬಟನ್ನು. ಹುಡುಗ ಕ್ರೇಟ್ ಸ್ಕ್ಯಾನ್ ಮಾಡಿದ ಕೂಡ್ಲೆ ಬೇಕಾದ ಬಿನ್ನುಗಳಲ್ಲಿ ದೀಪ ಹತ್ತಿ ಎಷ್ಟು ತಗೋಬೇಕು ಅಂತ ತೋರ್ಸತ್ತೆ, ತಗೊಂಡು ಬಟನ್ ಒತ್ತಿದ್ರೆ ಆರತ್ತೆ. ಸ್ಪೀಡು ಅಂದ್ರೆ ಸ್ಪೀಡು, ಅದ್ರಲ್ಲಿ ಎರಡು ಮಾತಿಲ್ಲ, ಕಾಗದ ನೋಡ್ಕೊಂಡು ಹುಡುಕೋದೇ ಇಲ್ವಲ್ಲ. ಆದ್ರೆ ಖರ್ಚು ಬಿನ್ ಲೆಕ್ಕದಲ್ಲಿ, ದುಡಿಮೆ ಲೈನ್ ಲೆಕ್ಕದಲ್ಲಿ. ನಿಮ್ಮ 4000 ಬಿನ್ನಿಗೆ ದಿನಕ್ಕೆ 1200 ಲೈನು, ಅಂದ್ರೆ ಸರಾಸರಿ ಒಂದು ದೀಪ ಮೂರು ದಿನಕ್ಕೊಮ್ಮೆ ಹತ್ತತ್ತೆ! ದೇವ್ರ ದೀಪಾನೂ ಅದಕ್ಕಿಂತ ಜಾಸ್ತಿ ಉರಿಯತ್ತೆ. ಒಂದು 150 ಐಟಂ ಸಣ್ಣ ಜಾಗದಲ್ಲಿ ಕೂತು ಅರ್ಧಕ್ಕರ್ಧ ಲೈನ್ ಅಲ್ಲಿಂದಲೇ ಹೋಗ್ತಿದ್ರೆ ಆಗ ಮಾತು ಬೇರೆ, ಅದನ್ನ ನಿಮ್ಮ ಬಿಲ್ಲಿಂಗ್ ಡೇಟಾ ತೆಗೆದು ನೋಡಿ. ಅಲ್ಲೂ ನಿಮ್ಮ ಸೀಸನ್ ಕಾಟ ಇದೆ: ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋ ಟೈಮಲ್ಲಿ ಸ್ಪ್ರೇಯರ್ ವಾಷರ್ರು ನಾಜಲ್ಲು ಓಡತ್ತೆ, ಕೊಯ್ಲಿನ ಹೊತ್ತಿಗೆ ಸುಲಿಯೋ ಮಷೀನಿನ ಬೆಲ್ಟು ಬೇರಿಂಗು. ಪ್ರತಿ ಸೀಸನ್ನಿಗೆ ಮಾಲು ಜಾಗ ಬದಲಿಸಿ ಸಿಸ್ಟಮಲ್ಲೂ ಬದಲಿಸ್ಬೇಕು, ಒಂದು ಬಿನ್ ಮರೆತ್ರೂ ದೀಪ ಧೈರ್ಯವಾಗಿ ತಪ್ಪು ಜಾಗ ತೋರ್ಸತ್ತೆ.

ಲೈಟಿನ ನಿಜವಾದ ಉಪಯೋಗ ನಿಮಗಿರೋದು ಇನ್ನೊಂದು ಕಡೆ. ನೀವು ರೂಟ್ ಪ್ರಕಾರ ಮಾಲು ಕಳಿಸ್ತೀರಿ. ಈಗ ಸಾಗರ ರೂಟಿನ 20 ಅಂಗಡಿಗೆ ಹುಡುಗ್ರು 20 ಸಲ ಅದೇ ರ‍್ಯಾಕ್ ಸುತ್ತಾರೆ. ಅದ್ರ ಬದ್ಲು ಇಡೀ ರೂಟಿಗೆ ಬೇಕಿರೋ ಮಾಲನ್ನ ಒಟ್ಟಿಗೆ ತೆಗೆದು ತನ್ನಿ, ಬಿ-52 ಬೆಲ್ಟ್ 14 ಅಂದ್ರೆ ಹದಿನಾಲ್ಕೂ ಒಂದೇ ಸಲ, ಸ್ಕ್ಯಾನ್ ಮಾಡಿ. ಪ್ಯಾಕಿಂಗ್ ಕಡೆ ಒಂದು ರ‍್ಯಾಕ್ ನಿಲ್ಲಿಸಿ, 20 ಗೂಡು, ಗೂಡಿಗೊಂದು ಅಂಗಡಿಯ ಕ್ರೇಟು, ಗೂಡಿಗೊಂದು ದೀಪ. ಅಲ್ಲಿ ಒಬ್ಬ ಬೆಲ್ಟ್ ಸ್ಕ್ಯಾನ್ ಮಾಡಿದ್ರೆ ಯಾವ್ಯಾವ ಅಂಗಡಿಗೆ ಎಷ್ಟೆಷ್ಟು ಅಂತ ಆ ಗೂಡುಗಳ ದೀಪ ಹತ್ತತ್ತೆ, ಹಾಕಿ ಒತ್ತೋದು. ಇದಕ್ಕೆ ಪುಟ್-ಟು-ಲೈಟ್ ಅಂತಾರೆ. 4000 ದೀಪದ ಕಡೆ 20 ದೀಪ, ಅದೂ ದಿನಾ ಪೂರ್ತಿ ದುಡಿಯೋ ದೀಪ. ಐಟಂ ಎರಡು ಸಲ ಸ್ಕ್ಯಾನ್ ಆಯ್ತು, ತೆಗೆಯುವಾಗೊಮ್ಮೆ ಹಂಚುವಾಗೊಮ್ಮೆ. ಎಲ್ಲಕ್ಕಿಂತ ನಂಗೆ ಇಷ್ಟ ಆಗೋದು ಅಂದ್ರೆ ಎಣಿಕೆ ತಪ್ಪು ಇಲ್ಲಿ ತಾನಾಗೇ ಬಾಯಿ ಬಿಡತ್ತೆ: 14 ತಂದು 14 ಹಂಚಿದ್ರೆ ಕೈ ಖಾಲಿ ಆಗ್ಬೇಕು, ಒಂದು ಉಳಿದ್ರೆ ಅಥವಾ ಒಂದು ಸಾಲದೆ ಹೋದ್ರೆ ಲಾರಿ ಹೊರಡೋಕ್ಕಿಂತ ಮುಂಚೆ ಅಲ್ಲೇ ಗೊತ್ತಾಯ್ತು. ಸುಮ್ನೆ ಉಳಿದಿದ್ದನ್ನ ರ‍್ಯಾಕಿಗೆ ವಾಪಸ್ ಇಟ್ಟು ಕೈ ತೊಳ್ಕೊಬಾರ್ದು, ಆ ಐಟಂ ಹೋಗಿರೋ ಗೂಡುಗಳನ್ನ ಎಣಿಸ್ಬೇಕು.

ತೊಂದ್ರೆ ಇಲ್ವಾ ಅಂದ್ರೆ ಇದೆ. ಪಕ್ಕದ ಗೂಡಿಗೆ ಹಾಕಿ ಬಟನ್ ಮಾತ್ರ ಸರಿಯಾಗಿ ಒತ್ತೋದು ಇಲ್ಲೂ ಆಗತ್ತೆ, ಅದಕ್ಕೆ ಗೂಡುಗಳ ಮಧ್ಯೆ ತಡೆ ಇರ್ಲಿ, ಬಟನ್ ಗೂಡಿನ ಬಾಯಲ್ಲೇ ಇರ್ಲಿ. ಎಲ್ಲ ಬಟನ್ ಮೊದ್ಲೇ ಟಕಟಕ ಒತ್ತಿ ಆಮೇಲೆ ನೆನಪಿನ ಮೇಲೆ ಹಾಕೋದು ಇನ್ನೊಂದು ಚಾಳಿ, ಅದೂ ಟೈಮ್ ನೋಡಿದ್ರೆ ಗೊತ್ತಾಗತ್ತೆ. ಒಂದು ರ‍್ಯಾಕಿಗೆ ಒಬ್ನೇ ನಿಲ್ಲಲಿ, ಇಬ್ರು ನಿಂತ್ರೆ ಇಬ್ರಿಗೂ ಬೇರೆ ಬೇರೆ ಬಣ್ಣದ ದೀಪ ಬೇಕು. ಮತ್ತೆ ಕರೆಂಟು. ಜೂನ್ ಜುಲೈಲಿ ನಮ್ಮಲ್ಲಿ ಕರೆಂಟ್ ಹೆಂಗೆ ಹೋಗತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ದೀಪಗಳಿಗೆ ಮಾತ್ರ ಯುಪಿಎಸ್ ಹಾಕಿ ವೈಫೈ ರೂಟರ್ ಮರೀತಾರೆ ಜನ, ಎರಡೂ ಮತ್ತೆ ಸರ್ವರ್ರೂ ಒಂದೇ ಯುಪಿಎಸ್ಸಲ್ಲಿರ್ಲಿ. ಅರ್ಧ ಹಂಚಿದಾಗ ಕರೆಂಟ್ ಹೋದ್ರೆ ವಾಪಸ್ ಬಂದ್ಮೇಲೆ ಎಲ್ಲಿಂದ ಶುರು ಆಗತ್ತೆ ಅಂತ ಮಾರೋರನ್ನ ಕೇಳ್ಬೇಡಿ, ಡೆಮೋ ಮಧ್ಯೆ ನೀವೇ ಪ್ಲಗ್ ಕಿತ್ತು ನೋಡಿ.

ವಾಯ್ಸ್ ಬಗ್ಗೆ ಕಮ್ಮಿ ಹೇಳ್ತೀನಿ, ಕೆಟ್ಟದ್ದು ಅಂತಲ್ಲ, ನಿಮ್ಮ ಮಾಲಿಗೆ ಅಷ್ಟು ಹೊಂದಲ್ಲ ಅಂತ. ಎರಡೂ ಕೈ ಮಾಲಿನ ಮೇಲಿರೋ ಕಡೆ ಅದು ರಾಜ: ಮೋಟ್ರು, ಪೈಪ್ ಕಟ್ಟು, ಹೋಸ್ ರೋಲು, ಪೂರ್ತಿ ರಟ್ಟಿನ ಬಾಕ್ಸು. ಸ್ಕ್ಯಾನರ್ ಕೆಳಗಿಟ್ಟು ಎತ್ತಿ ಮತ್ತೆ ಸ್ಕ್ಯಾನರ್ ಹುಡುಕೋ ಕೆಲ್ಸ ಇಲ್ಲ. ಆದ್ರೆ ಚೆಕ್ ನಂಬರ್ ಹದಿನೈದು ದಿನಕ್ಕೆ ಹುಡುಗ್ರಿಗೆ ಬಾಯಿಪಾಠ ಆಗತ್ತೆ, ರ‍್ಯಾಕ್ ತಲುಪೋ ಮುಂಚೆ ದೂರದಿಂದಲೇ ಹೇಳ್ತಾರೆ, ಆಮೇಲೆ ಪಕ್ಕದ್ದನ್ನ ಎತ್ಕೊಂಡು ಹೋಗ್ತಾರೆ. ಆಗಾಗ ನಂಬರ್ ಬದಲಿಸ್ಬೇಕು, ಅಕ್ಕಪಕ್ಕದ ಜಾಗಕ್ಕೆ ಹೋಲೋ ನಂಬರ್ ಕೊಡ್ಬಾರ್ದು. ಅದಕ್ಕಿಂತ ಒಳ್ಳೇದು ಅಂದ್ರೆ ರ‍್ಯಾಕ್ ನಂಬರ್ ಬದ್ಲು ಮಾಲಿನ ಲೇಬಲ್ ಮೇಲಿನ ಕೋಡಿನ ಕೊನೇ ಮೂರು ಅಂಕಿ ಓದಿಸೋದು, ಆಗ ವಾಯ್ಸೂ "ಕೈಲಿರೋದು ಏನು" ಅಂತಲೇ ಕೇಳಿದಂಗಾಯ್ತು.

ಭಾಷೆ ವಿಷ್ಯ: ಕೆಲವು ವಾಯ್ಸ್ ಸಿಸ್ಟಮ್ಮು ಪ್ರತಿಯೊಬ್ಬನ ಹತ್ರ ಮೊದ್ಲೇ ಆ ಪದಗಳನ್ನ ಹೇಳ್ಸಿ ಅವನ ದನಿ ಉಳಿಸ್ಕೊಳ್ಳತ್ತೆ, ಅಂತವಕ್ಕೆ ಹುಡುಗ ಕನ್ನಡದಲ್ಲಿ ಹೇಳಿದ್ರೂ ಒಂದೇ, ಯಾವ ಭಾಷೇಲಿ ಹೇಳಿದ್ರೂ ಒಂದೇ. ಅದು ವಾಪಸ್ ಕನ್ನಡದಲ್ಲಿ ಮಾತಾಡತ್ತಾ ಅನ್ನೋದು ಬೇರೆ ಪ್ರಶ್ನೆ, ಕೇಳಿ ನೋಡಿ. ಮೂರು, ಆರು, ನೂರು ಇವೆಲ್ಲ ಬಾಲ ಒಂದೇ ಥರ, ಜನರೇಟರ್ ಸದ್ದಲ್ಲಿ, ಶೀಟಿನ ಮೇಲೆ ಮಳೆ ಹೊಡೀತಿರೋವಾಗ ಮನುಷ್ಯರ ಕಿವಿಗೇ ತಪ್ಪತ್ತೆ. ನಮ್ಮ ಹುಡುಗ್ರು ಹೆಂಗಿದ್ರೂ ತ್ರೀ, ಸಿಕ್ಸ್ ಅಂತಲೇ ಹೇಳೋದು, ಹಾಗೇ ಬಿಡ್ಸಿ, ಒಂದೊಂದೇ ಅಂಕಿ.

ಡೆಮೋ ಅಂದ್ರೆ ಅವ್ರು ತಂದಿರೋ ನೀಟಾದ ಡಬ್ಬಿ ಮೇಲೆ ಬೇಡ. ನಿಮ್ಮ ಕಂಪ್ಲೇಂಟ್ ಪಟ್ಟೀಲಿ ಮೇಲಿರೋ 20 ಐಟಂ ಟೇಬಲ್ ಮೇಲೆ ಇಡಿ, 6204 ಝಡ್‌ಝಡ್ ಬಿನ್ನಿಗೆ ನೀವೇ ಒಂದು 2ಆರ್‌ಎಸ್ ಸೇರ್ಸಿಡಿ, ಹಳೇ ಎಂಆರ್‌ಪಿದು ಒಂದು, ಬಾಕ್ಸು ಪೀಸು ಎರಡೂ ಇರೋದು ಒಂದು, ಲೇಬಲ್ ಅರ್ಧ ಹರಿದಿರೋದು ಒಂದು. ಅವ್ರ ಎಂಜಿನಿಯರ್ ಕೈಲಿ ಬೇಡ, ನಿಮ್ಮಲ್ಲಿ ಹೊಸದಾಗಿ ಸೇರಿರೋ ಹುಡುಗನ ಕೈಲಿ ಪಿಕ್ ಮಾಡ್ಸಿ. ಯಾವ್ದು ಎಲ್ಲಿ ಕೂಗ್ತು ಯಾವ್ದು ಸುಮ್ನಿತ್ತು ಅಂತ ಬರ್ಕೊಳ್ಳಿ. ಮತ್ತೆ ಶುರು ಮಾಡೋದು ಕೊಯ್ಲಿನ ಗದ್ದಲ ಮುಗಿದು ಮಳೆ ಹಿಡಿಯೋಕ್ಕಿಂತ ಮುಂಚೆ, ಮಾರ್ಚ್ ಏಪ್ರಿಲಲ್ಲಿ ಲೇಬಲ್ ಕೆಲ್ಸ ಮುಗಿಸ್ಕೊಂಡು ಮೇ ತಿಂಗಳಲ್ಲಿ ಒಂದೇ ರೂಟಿಗೆ ಸ್ಕ್ಯಾನ್ ಹಚ್ಚಿ, ಹೊಸನಗರದಂಥ ಸಣ್ಣ ರೂಟು ಆಗಬಹುದು. ಜೂನಲ್ಲಿ ಬೋರ್ಡೋ ಹೊಡೆಯೋರು ವಾಷರಿಗೆ ಕಾಯ್ತಾ ಕೂತಿರೋವಾಗ ಹೊಸ ಸಿಸ್ಟಮ್ ಕಲಿಯೋಕೆ ಹೋದ್ರೆ ಹುಡುಗ್ರು ಎರಡನೇ ದಿನವೇ ಸ್ಕ್ಯಾನರ್ ಪಕ್ಕಕ್ಕಿಟ್ಟು ಕಾಗದ ಹಿಡೀತಾರೆ, ಆಮೇಲೆ ದೀಪಾವಳಿವರೆಗೂ ಅದನ್ನ ಮತ್ತೆ ಕೈಗೆ ಕೊಡೋಕೆ ಆಗಲ್ಲ.